ಬೆಳಗಿನ ಓದು ಉಳಿಯಬೇಕಾದರೆ ಹಿಂದಿನ ರಾತ್ರಿಗೆ ಬೇಲಿ ಹಾಕಿ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನವೆಂಬರ್ ಕೊನೆಯೊಳಗೆ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಬರೆಯಬೇಕೆಂದಿದ್ದೇನೆ. ಈಗ ಸೆಪ್ಟೆಂಬರ್ ಶುರು, 12 ವಾರ ಇದೆ. ನನ್ನ ಸ್ವಂತ ಜಿಮೇಲ್ ಕ್ಯಾಲೆಂಡರ್‌ನಲ್ಲಿ ದಿನಾ ರಾತ್ರಿ 8ರಿಂದ 10ರವರೆಗೆ ‘ಓದು’ ಎಂದು ಬ್ಲಾಕ್ ಹಾಕಿಟ್ಟಿದ್ದೇನೆ, ಆದರೆ ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು. ಸೋಮವಾರ, ಬುಧವಾರ ರಾತ್ರಿ 9ಕ್ಕೆ ನ್ಯೂಜೆರ್ಸಿ ಟೀಮಿನ ಜತೆ ಖಾಯಂ ಕಾಲ್. ಉಳಿದ ದಿನಗಳಲ್ಲೂ ಯಾವಾಗ ಇನ್ವೈಟ್ ಬರುತ್ತದೋ ಹೇಳಲಾಗದು. ಮಂಗಳವಾರದಿಂದ ಗುರುವಾರದವರೆಗೆ ಆಫೀಸಿಗೆ ಹೋಗಬೇಕು, ಹೋಗಿಬರಲು ಎರಡೂವರೆ ಗಂಟೆ. ಮಗಳಿಗೆ ಐದು ವರ್ಷ, ಗಂಡನಿಗೂ ಕೆಲಸ. ಬ್ಲಾಕ್ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಕಳೆದ ನಾಲ್ಕು ವಾರದ ಕ್ಯಾಲೆಂಡರ್ ತೆರೆದು, ಆ 28 ರಾತ್ರಿಗಳ ಪೈಕಿ ಪ್ರತಿಯೊಂದರ ಪಕ್ಕ ಏನಾಯಿತೆಂದು ಒಂದೇ ಪದದಲ್ಲಿ ಬರೆಯಿರಿ: ‘ಓದಿದೆ’, ‘ಕಾಲ್’, ‘ಮನೆ’, ‘ಸುಸ್ತು’. ಅರ್ಧ ಗಂಟೆಯ ಕೆಲಸ. ಬ್ಲಾಕ್ ಮುರಿದದ್ದು ಯಾವುದರಿಂದ ಎಂಬುದಕ್ಕೆ ತಕ್ಕಂತೆ ಮದ್ದು ಬೇರೆ ಬೇರೆ. ಕಾಲ್‌ನಿಂದಾದರೆ ಆಫೀಸ್ ಕ್ಯಾಲೆಂಡರ್‌ನಲ್ಲಿ ಕೆಲಸವಿದೆ. ಮನೆಯಿಂದಾದರೆ ಗಂಡನ ಜತೆ ಮಾತಾಡಬೇಕು. ಸುಸ್ತಿನಿಂದಾದರೆ ಹೊತ್ತನ್ನೇ ಬದಲಿಸಬೇಕು. ಯಾವುದೇ ಹೊತ್ತು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಮುರಿದಿದ್ದರೆ ಅದು ಓದಿನ ಹೊತ್ತಲ್ಲ. ಅಲ್ಲಿ ಎಷ್ಟು ಗಟ್ಟಿಯಾದ ಬ್ಲಾಕ್ ಹಾಕಿದರೂ ಪ್ರಯೋಜನವಿಲ್ಲ. ನಿಮ್ಮ ವಿವರ ನೋಡಿದರೆ ರಾತ್ರಿ 8–10 ಈ ಮೂರೂ ಕಾರಣ ಒಟ್ಟಿಗೆ ಬಂದು ಕೂರುವ ಹೊತ್ತು.

ನವೆಂಬರ್‌ನಲ್ಲಿ ಕಾಲ್ ತಾನಾಗಿಯೇ ಸರಿಯುತ್ತದೆ

ನಿಮ್ಮ ರಾತ್ರಿ 9 ನ್ಯೂಜೆರ್ಸಿಯವರ ಬೆಳಗ್ಗೆ 11:30. ಅವರ ಕೆಲಸದ ದಿನ ಬಿಸಿಯೇರುವ ಸಮಯ ಅದು, ಇನ್ವೈಟ್ ಬರುವುದು ಸಹಜ. ಇದರ ಜತೆಗೆ ನಿಮ್ಮ 12 ವಾರದ ನಡುವೆಯೇ ಇನ್ನೊಂದು ತಿರುವು ಇದೆ. ನವೆಂಬರ್ ತಿಂಗಳ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಪ್ರತಿವಾರದ ಮೀಟಿಂಗ್ ಅದನ್ನು ಕರೆದವರ ಗಡಿಯಾರಕ್ಕೆ ಕಟ್ಟಿಕೊಂಡಿರುತ್ತದೆ. ಹೀಗಾಗಿ ಅವರಿಗೆ 11:30 ಹಾಗೇ ಉಳಿಯುತ್ತದೆ, ನಿಮಗೆ 9ರ ಕಾಲ್ 10ಕ್ಕೆ ಬಂದು ಕೂರುತ್ತದೆ. ಹೊಸ ಇನ್ವೈಟ್ ಬರುವುದಿಲ್ಲ, ಯಾರೂ ನಿಮ್ಮ ಒಪ್ಪಿಗೆ ಕೇಳುವುದಿಲ್ಲ. ಆ ಹೊತ್ತಿನಲ್ಲಿ ನಿಮ್ಮ ಓದಿನ ಬ್ಲಾಕ್ ಇದ್ದರೆ ಕ್ಯಾಲೆಂಡರ್ ಎರಡನ್ನೂ ಅಕ್ಕಪಕ್ಕ ತೋರಿಸಿ ಸುಮ್ಮನಾಗುತ್ತದೆ.

ಈಗಲೇ ನವೆಂಬರ್ ಎರಡನೇ ವಾರಕ್ಕೆ ಕ್ಯಾಲೆಂಡರ್ ಸರಿಸಿ ನೋಡಿ. ಖಾಯಂ ಕಾಲ್‌ಗಳು ಆಗಲೇ 10ರಲ್ಲಿ ಕಾಣುತ್ತವೆ. ನಿಮ್ಮ ವೇಳಾಪಟ್ಟಿ ಆ ವಾರದಲ್ಲಿ ನಿಲ್ಲುವಂತಿರಬೇಕು, ಸೆಪ್ಟೆಂಬರ್‌ನಲ್ಲಿ ನಿಂತರೆ ಸಾಲದು. ಬ್ರಿಟನ್ ಟೀಮಿನ ಜತೆ ಕೆಲಸ ಮಾಡುವವರಿಗೆ ಇದೇ ತಿರುವು ಅಕ್ಟೋಬರ್ ಕೊನೆಯ ಭಾನುವಾರ ಬರುತ್ತದೆ.

ಯಾವ ಬೆಳಗ್ಗೆ?

ಬೆಳಗ್ಗೆ 5:45ರಿಂದ 7:15ರ ಹೊತ್ತು ನೋಡೋಣ. ಈಗ ಅದು ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ 8:15ರಿಂದ 9:45. ನವೆಂಬರ್ ನಂತರ 7:15ರಿಂದ 8:45. ಎರಡೂ ಕಾಲದಲ್ಲಿ ಅವರ ಆಫೀಸ್ ಮುಗಿದಿರುತ್ತದೆ. ಮಗಳು ಎದ್ದಿರುವುದಿಲ್ಲ, ಅಥವಾ ಆಗತಾನೇ ಎದ್ದಿರುತ್ತಾಳೆ. (ನಿಮ್ಮ ಟೀಮ್ ಕ್ಯಾಲಿಫೋರ್ನಿಯಾದಲ್ಲಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಚಳಿಗಾಲದಲ್ಲಿ ನಮ್ಮ 6:30 ಅವರ ಸಂಜೆ 5.)

ಆದರೆ ‘ದಿನಾ ಬೆಳಗ್ಗೆ’ ಎಂದು ಹಾಕಿದರೆ ರಾತ್ರಿಯ ಬ್ಲಾಕಿನ ಗತಿಯೇ ಇದಕ್ಕೂ ಬರುತ್ತದೆ. ಬೆಳಗಿನ ಒಂದೂವರೆ ಗಂಟೆ ನಿದ್ದೆಯಿಂದ ಕಿತ್ತುಕೊಂಡದ್ದಾದರೆ ಎರಡನೇ ವಾರದಲ್ಲೇ ಅಲಾರಂ ಬಂದ್ ಆಗುತ್ತದೆ. 5:30ಕ್ಕೆ ಏಳಬೇಕಾದರೆ 10:30ಕ್ಕೆ ದೀಪ ಆರಿರಬೇಕು. ಸೋಮವಾರ, ಬುಧವಾರ ರಾತ್ರಿ ನಿಮ್ಮ ಕಾಲ್ ಈಗ 10ಕ್ಕೆ, ನವೆಂಬರ್‌ನಲ್ಲಿ 11ಕ್ಕೆ ಮುಗಿಯುತ್ತದೆ. ಕಾಲ್ ಮುಗಿದ ಕೂಡಲೇ ನಿದ್ದೆ ಯಾರಿಗೂ ಬರದು. ಹಾಗಾಗಿ ಮಂಗಳವಾರ ಮತ್ತು ಗುರುವಾರದ ಬೆಳಗ್ಗೆಯನ್ನು ಆಸೆಯಿಟ್ಟುಕೊಳ್ಳದೆ ಬಿಟ್ಟುಬಿಡಿ. ಉಳಿಯುವುದು ಸೋಮವಾರ, ಬುಧವಾರ, ಶುಕ್ರವಾರದ ಬೆಳಗ್ಗೆ. ಇವುಗಳ ಹಿಂದಿನ ರಾತ್ರಿ ಖಾಯಂ ಕಾಲ್ ಇಲ್ಲ.

ಇನ್ನು ಕಾಯಬೇಕಾದದ್ದು ಆ ಹಿಂದಿನ ರಾತ್ರಿಗಳನ್ನು. ಬೆಳಗ್ಗೆ 5:45ಕ್ಕೆ ನಿಮ್ಮನ್ನು ಯಾರೂ ಮೀಟಿಂಗ್‌ಗೆ ಕರೆಯುವುದಿಲ್ಲ, ಅಲ್ಲಿ ಕಾವಲು ಬೇಕಿಲ್ಲ. ಬುಧವಾರದ ಓದನ್ನು ಕೊಲ್ಲುವುದು ಮಂಗಳವಾರ ಸಂಜೆ 6ಕ್ಕೆ ಬಂದು ಬೀಳುವ ‘ಇವತ್ತು ರಾತ್ರಿ 9:30ಕ್ಕೆ ಹತ್ತು ನಿಮಿಷ ಸಿಗ್ತೀರಾ?’ ಎಂಬ ಇನ್ವೈಟ್. ಆದ್ದರಿಂದ ಮಂಗಳವಾರ ಮತ್ತು ಗುರುವಾರ ರಾತ್ರಿ 9ರಿಂದ 10:30ರವರೆಗೆ ಆಫೀಸ್ ಕ್ಯಾಲೆಂಡರ್‌ನಲ್ಲಿ ಒಂದು ಕಾವಲು ಬ್ಲಾಕ್ ಹಾಕಿ. ಭಾನುವಾರ ರಾತ್ರಿ ಅವರಿಗೂ ರಜೆ, ಬೇಕಾಗಿಲ್ಲ.

ಆಫೀಸ್ ಕ್ಯಾಲೆಂಡರ್‌ನಲ್ಲಿ ಕಾಣಬೇಕು

ಈಗಿರುವ ಬ್ಲಾಕ್ ನಿಮ್ಮ ಸ್ವಂತ ಜಿಮೇಲ್ ಖಾತೆಯಲ್ಲಿದೆ. ಮೀಟಿಂಗ್ ಇಡುವವರು ನೋಡುವುದು ಆಫೀಸ್ ಖಾತೆಯ ಕ್ಯಾಲೆಂಡರ್. ಅವರ ಕಣ್ಣಿಗೆ ನೀವು ರಾತ್ರಿಯಿಡೀ ಖಾಲಿ. ಜಿಮೇಲ್ ಕ್ಯಾಲೆಂಡರನ್ನು ಆಫೀಸ್ ಖಾತೆಗೆ ಹಂಚಿಕೊಂಡರೆ ಸಾಕೆಂದು ಹಲವರು ನಂಬಿದ್ದಾರೆ. ಹಾಗೆ ಹಂಚಿಕೊಂಡರೆ ಎರಡೂ ಒಂದೇ ಪರದೆಯಲ್ಲಿ ಕಾಣುವುದು ನಿಮಗೆ, ಸಹೋದ್ಯೋಗಿಗಳಿಗಲ್ಲ. ಕಾವಲು ಬ್ಲಾಕನ್ನು ಆಫೀಸ್ ಖಾತೆಯಲ್ಲೇ ಹೊಸದಾಗಿ ಮಾಡಿ.

ಔಟ್‌ಲುಕ್ ಆದರೆ `Show As` ಎಂಬಲ್ಲಿ `Busy` ಆರಿಸಿ, `Private` ಒತ್ತಿ. ಗೂಗಲ್ ಆದರೆ `Busy` ಮತ್ತು ವಿಸಿಬಿಲಿಟಿಯಲ್ಲಿ `Private`. ಆಗ ಇತರರಿಗೆ ನೀವು ಬಿಡುವಿಲ್ಲ ಎಂದಷ್ಟೇ ಕಾಣುತ್ತದೆ, ಹೆಸರು ಕಾಣುವುದಿಲ್ಲ. ನಿಮ್ಮ ಕ್ಯಾಲೆಂಡರನ್ನು ತಿದ್ದುವ ಅಧಿಕಾರ ಯಾರಿಗಾದರೂ ಕೊಟ್ಟಿದ್ದರೆ ಅವರಿಗೆ ಹೆಸರೂ ಕಂಡೀತು. ದಿನವಿಡೀ ನಡೆಯುವ ಈವೆಂಟ್ ಆಗಿ ಮಾತ್ರ ಹಾಕಬೇಡಿ. ಅದು ತಾನಾಗಿ `Free` ಎಂದು ಕೂರುತ್ತದೆ, ಬ್ಲಾಕ್ ಇದ್ದೂ ಇಲ್ಲದಂತೆ.

ಕಂಪನಿಯ ಗೂಗಲ್ ಖಾತೆಗಳಲ್ಲಿ `Focus time` ಎಂಬ ಈವೆಂಟ್ ಬಗೆ ಇರಬಹುದು. ಆ ಹೊತ್ತಿಗೆ ಬರುವ ಇನ್ವೈಟ್‌ಗಳನ್ನು ತಾನೇ ತಿರಸ್ಕರಿಸುವ ಸೌಲಭ್ಯ ಅದರಲ್ಲಿದೆ. ರಾತ್ರಿಯ ಕಾವಲಿಗೆ ಅದನ್ನು ಬಳಸಬೇಡಿ ಎನ್ನುತ್ತೇನೆ. ಗ್ರಾಹಕರ ತುರ್ತು ಕಾಲ್ ಯಂತ್ರದಿಂದ ತಿರಸ್ಕೃತವಾಗಿ ನಿಮ್ಮ ಮ್ಯಾನೇಜರ್‌ಗೆ ತಿಳಿದರೆ, ಅಲ್ಲಿಂದ ಮುಂದೆ ನಿಮ್ಮ ಯಾವ ಬ್ಲಾಕಿಗೂ ಬೆಲೆ ಉಳಿಯುವುದಿಲ್ಲ. ಮಧ್ಯಾಹ್ನದ ಸಣ್ಣ ಬ್ಲಾಕಿಗೆ (ಅದರ ಮಾತು ಮುಂದಿದೆ) ಅದು ಸರಿ.

ರಾತ್ರಿಯದ್ದಕ್ಕೆ ಮ್ಯಾನೇಜರ್ ಜತೆ ಐದು ನಿಮಿಷ ಮಾತಾಡುವುದೇ ನೆಟ್ಟಗೆ. ಕೇಳುವಾಗ ಕೊಡುವುದನ್ನೂ ಹೇಳಿ: ‘ನವೆಂಬರ್ ಕೊನೆಯವರೆಗೆ ಮಂಗಳವಾರ, ಗುರುವಾರ ರಾತ್ರಿ 9ರ ಮೇಲೆ ಕಾಲ್‌ಗೆ ಬರಲಾಗುವುದಿಲ್ಲ. ಸೋಮವಾರ, ಬುಧವಾರ 11ರವರೆಗೂ ಇರುತ್ತೇನೆ. ಪ್ರೊಡಕ್ಷನ್ ಕೆಟ್ಟರೆ ಫೋನ್ ಮಾಡಿ, ಎತ್ತುತ್ತೇನೆ.’ ಕೊನೆಯ ದಿನಾಂಕ ಹೇಳಿದಾಗ ಒಪ್ಪಿಗೆ ಬೇಗ ಸಿಗುತ್ತದೆ. ಇಷ್ಟಾದರೂ ಇನ್ವೈಟ್ ಬಂದರೆ ಬರೀ ‘ನೋ’ ಒತ್ತಬೇಡಿ. ‘ಇವತ್ತು 7:30ಕ್ಕೆ ಅಥವಾ ನಾಳೆ ರಾತ್ರಿ 8ಕ್ಕೆ ಆಗುತ್ತದೆ’ ಎಂದು ಎರಡು ಹೊತ್ತು ಬರೆದು ಕಳಿಸಿ. ಇನ್ವೈಟ್ ಕಳಿಸಿದವರಿಗೆ ಬೇಕಿರುವುದು ನೀವು, ಆ 9:30 ಅಲ್ಲ.

ವಾರ ಹೇಗೆ ಕಾಣುತ್ತದೆ

ಮೂರು ಬೆಳಗ್ಗೆ ಒಂದೂವರೆ ಗಂಟೆಯಂತೆ ನಾಲ್ಕೂವರೆ ಗಂಟೆ. ಶನಿವಾರ ಬೆಳಗ್ಗೆ 6:30ರಿಂದ 9:30, ಮೂರು ಗಂಟೆ. ಆಫೀಸಿಗೆ ಹೋಗುವ ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ 1:15ರಿಂದ 1:45, ಒಟ್ಟು ಒಂದು ಗಂಟೆ. ಎಲ್ಲ ಸೇರಿ ಎಂಟೂವರೆ. ಭಾನುವಾರ ಸಂಜೆ 4ರಿಂದ 6 ಮೀಸಲು ಬ್ಲಾಕ್. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದರಲ್ಲಿ ಯಾವ ವಿಷಯವನ್ನೂ ಮುಂಚಿತವಾಗಿ ಬರೆಯಬೇಡಿ. ವಾರದಲ್ಲಿ ಏನೂ ತಪ್ಪದಿದ್ದರೆ ಆ ಎರಡು ಗಂಟೆ ಮಗಳದ್ದು.

12 ವಾರದಲ್ಲಿ ದಸರಾ ವಾರವನ್ನೂ ದೀಪಾವಳಿ ವಾರವನ್ನೂ ಈಗಲೇ ಹೊಡೆದುಹಾಕಿ. ಹಬ್ಬಕ್ಕೆ ಊರಿಗೆ ಹೋಗಿ ಲ್ಯಾಪ್‌ಟಾಪ್ ತೆರೆಯುತ್ತೇನೆ ಎಂಬುದು ಆಗದ ಮಾತು. ಉಳಿದ 10 ವಾರಕ್ಕೆ ಕಾಗದದ ಮೇಲೆ 85 ಗಂಟೆ. ವಾರಕ್ಕೊಂದು ಬೆಳಗ್ಗೆ ಹಾಳಾಗುತ್ತದೆಂದೇ ಇಟ್ಟುಕೊಂಡು 70 ಗಂಟೆಗೆ ಪಾಠ ಹಂಚಿ. ಮೊದಲ ಏಳು ವಾರದ ಸುಮಾರು 50 ಗಂಟೆ ಓದಿಗೆ, ಕೊನೆಯ ಮೂರು ವಾರದ 20 ಗಂಟೆ ಮಾಕ್ ಟೆಸ್ಟ್ ಮತ್ತು ಅದರ ತಪ್ಪುಗಳಿಗೆ. ಈ ಪರೀಕ್ಷೆಯ ಸದ್ಯದ ಎಸ್‌ಎಎ-ಸಿ03 ಆವೃತ್ತಿಯಲ್ಲಿ ಭದ್ರತೆಯ ವಿನ್ಯಾಸಕ್ಕೆ ಶೇ 30, ಕುಸಿಯದೆ ನಿಲ್ಲುವ ವಿನ್ಯಾಸಕ್ಕೆ ಶೇ 26, ವೇಗದ ಕಾರ್ಯಕ್ಷಮತೆಗೆ ಶೇ 24, ವೆಚ್ಚ ಉಳಿತಾಯಕ್ಕೆ ಶೇ 20 ತೂಕವಿದೆ. 50 ಗಂಟೆಯನ್ನು ಅದೇ ಅಳತೆಯಲ್ಲಿ ಹಂಚಿದರೆ 15, 13, 12, 10. ವಿಷಯಗಳು ಒಂದರೊಳಗೊಂದು ಹೊಕ್ಕಿರುವುದರಿಂದ ಗೆರೆ ಎಳೆದಂತೆ ಹಂಚಲು ಬರುವುದಿಲ್ಲ. ಆದರೂ ಇಷ್ಟವಾದ ವಿಷಯದಲ್ಲೇ ಮೂರು ವಾರ ಕಳೆಯದಂತೆ ಈ ನಾಲ್ಕು ಅಂಕಿ ತಡೆಯುತ್ತವೆ.

ಕ್ಯಾಬ್‌ನಲ್ಲಿ ಕಳೆಯುವ ಹೊತ್ತನ್ನು ಬ್ಲಾಕ್ ಮಾಡಬೇಡಿ. ಔಟರ್ ರಿಂಗ್ ರಸ್ತೆಯಲ್ಲಿ ಇವತ್ತಿನ 50 ನಿಮಿಷ ನಾಳೆ 90 ಆಗುತ್ತದೆ, ಪಕ್ಕದವರು ಮಾತಿಗೆಳೆಯುತ್ತಾರೆ, ಓಡುವ ಗಾಡಿಯಲ್ಲಿ ಚಿತ್ರಪಟ ನೋಡಿದರೆ ತಲೆ ಸುತ್ತುತ್ತದೆ. ಕಿವಿಗೆ ಏನಾದರೂ ಹಾಕಿಕೊಂಡರೆ ಅದು ಮೇಲುಗಳಿಕೆ, ಲೆಕ್ಕದಲ್ಲಿ ಬೇಡ. ಆ ಕೆಲಸಕ್ಕೆ ಮಧ್ಯಾಹ್ನದ ಅರ್ಧ ಗಂಟೆ ಮೇಲು. ಊಟ 12:45ಕ್ಕೆ ಮುಗಿಸಿ ಖಾಲಿ ಮೀಟಿಂಗ್ ರೂಮಿನಲ್ಲೋ ಕೆಫೆಟೇರಿಯಾದ ಮೂಲೆಯಲ್ಲೋ ಕೂತು, ವಾರದಲ್ಲಿ ತಪ್ಪಾದ ಪ್ರಶ್ನೆಗಳನ್ನಷ್ಟೇ ಮತ್ತೆ ನೋಡಿ. ಹೊಸ ಪಾಠ ಅಲ್ಲಿ ಬೇಡ.

ಬೆಳಗಿನ ಬ್ಲಾಕಿಗೆ ಎಚ್ಚರಿಕೆ ಗಂಟೆಯನ್ನು ಹತ್ತು ನಿಮಿಷ ಮೊದಲು ಇಟ್ಟರೆ ಪ್ರಯೋಜನವಿಲ್ಲ, ಆಗ ನೀವು ಎದ್ದೇ ಇರುತ್ತೀರಿ, ಇಲ್ಲವೇ ಏಳುವುದೇ ಇಲ್ಲ. ಎಂಟು ಗಂಟೆ ಮೊದಲು ಬರುವಂತೆ ಇಡಿ. ಹಿಂದಿನ ರಾತ್ರಿ 9:45ಕ್ಕೆ ಫೋನ್ ನೆನಪಿಸುತ್ತದೆ. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ, ಮಗಳ ಬ್ಯಾಗ್ ಸಿದ್ಧಮಾಡಿ ಮಲಗಲು ಅದು ಸರಿಯಾದ ಹೊತ್ತು.

ಗಂಡನ ಮಾತು. ಬ್ಲಾಕ್ ನಿಮ್ಮ ಮೂರು ಬೆಳಗ್ಗೆಯನ್ನಷ್ಟೇ ತೋರಿಸಿದರೆ ಅದು ಅವರ ಪಾಲಿಗೆ ಹೆಚ್ಚುವರಿ ಕೆಲಸದ ಪಟ್ಟಿ. ಮನೆಯ ಹಂಚಿಕೊಂಡ ಕ್ಯಾಲೆಂಡರ್‌ನಲ್ಲಿ ಸೋಮವಾರ, ಬುಧವಾರ, ಶುಕ್ರವಾರ 7:15ರವರೆಗೆ ಮಗಳು ಅವರ ಪಾಲಿಗೆ ಎಂದು ಬರೆಯುವಾಗಲೇ, ಮಂಗಳವಾರ, ಗುರುವಾರದ ಅದೇ ಹೊತ್ತು ನಿಮ್ಮ ಪಾಲಿಗೆ, ಅವರು ವಾಕಿಂಗಿಗೋ ನಿದ್ದೆಗೋ ಬಿಡುಗಡೆ ಎಂದೂ ಬರೆಯಿರಿ. ನೀವು ಓದಲು ಬಳಸದ ಆ ಎರಡು ಬೆಳಗ್ಗೆಗೆ ಹೀಗೊಂದು ಉಪಯೋಗ ಸಿಗುತ್ತದೆ.

ತೊಂಬತ್ತು ನಿಮಿಷದ ಒಳಗೆ

‘ಓದು’ ಎಂಬ ಹೆಸರು ಬ್ಲಾಕಿನ ಮೊದಲ ಕಾಲು ಗಂಟೆಯನ್ನು ತಿನ್ನುತ್ತದೆ. ಏನು ಓದಲಿ ಎಂದು ಹುಡುಕುತ್ತಾ ವಿಡಿಯೊ ಪಟ್ಟಿ ತೆರೆಯುತ್ತೀರಿ, ಅಲ್ಲಿಂದ ಇನ್ನೆಲ್ಲಿಗೋ. ಹೆಸರಿನಲ್ಲಿ ಕೆಲಸವೂ ಅದು ಮುಗಿಯುವ ಗುರುತೂ ಇರಲಿ. ಉದಾಹರಣೆಗೆ: ‘ವಿಪಿಸಿ – ಪಬ್ಲಿಕ್, ಪ್ರೈವೇಟ್ ಸಬ್‌ನೆಟ್ ಕಟ್ಟಿ, ನ್ಯಾಟ್ ಗೇಟ್‌ವೇ ಮೂಲಕ ಪ್ರೈವೇಟ್ ಸರ್ವರ್‌ನಿಂದ ಹೊರಗೆ ಹೋಗಿ ಬಾ, ಅಳಿಸು.’ ಬೆಳಗ್ಗೆ 5:45ರ ಮಬ್ಬಿನಲ್ಲೂ ಇದರಲ್ಲಿ ಯೋಚಿಸಬೇಕಾದ್ದೇನೂ ಉಳಿದಿಲ್ಲ.

ಈ ಬ್ಲಾಕನ್ನೇ ಹತ್ತಿರದಿಂದ ನೋಡಿ. ಮೊದಲ 5 ನಿಮಿಷ ಹಿಂದಿನ ಸಲ ಬರೆದಿಟ್ಟ ಸಾಲು ಓದಿ ಕನ್ಸೋಲ್ ತೆರೆಯುವುದು. ನಂತರ 60 ನಿಮಿಷ ಕಟ್ಟುವ ಕೆಲಸ. 6:50ಕ್ಕೆ ಎಲ್ಲಿದ್ದರೂ ನಿಲ್ಲಿಸಿ, 15 ನಿಮಿಷದಲ್ಲಿ ಅದೇ ವಿಷಯದ ಏಳೆಂಟು ಪ್ರಶ್ನೆ. ಪರೀಕ್ಷೆಯಲ್ಲಿ 65 ಪ್ರಶ್ನೆಗೆ 130 ನಿಮಿಷ, ಅಂದರೆ ಒಂದಕ್ಕೆ ಎರಡು ನಿಮಿಷ. ಅಭ್ಯಾಸವೂ ಅದೇ ವೇಗದಲ್ಲಿರಲಿ. 7:05ರಿಂದ ಉಳಿದ 10 ನಿಮಿಷ ಅಳಿಸಲು, ಮತ್ತು ಮುಂದಿನ ಬ್ಲಾಕಿನ ಮೊದಲ ಸಾಲು ಬರೆಯಲು.

ಈ ಕೊನೆಯ ಹತ್ತು ನಿಮಿಷವನ್ನೇ ಜನ ಮೊದಲು ಕಳೆದುಕೊಳ್ಳುವುದು. ‘ಇನ್ನೊಂಚೂರು ಮುಗಿಸೋಣ’ ಎಂದು ಕಟ್ಟುತ್ತಾ 7:15 ದಾಟುತ್ತದೆ, ಮಗಳು ಕರೆಯುತ್ತಾಳೆ, ಲ್ಯಾಪ್‌ಟಾಪ್ ಮುಚ್ಚುತ್ತೀರಿ. ನ್ಯಾಟ್ ಗೇಟ್‌ವೇ ಮಾತ್ರ ಓಡುತ್ತಲೇ ಇರುತ್ತದೆ. ಅದರೊಳಗೆ ಒಂದು ಬೈಟ್ ಹೋಗದಿದ್ದರೂ ಅಳಿಸುವವರೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಏರುತ್ತದೆ. ಅಳಿಸಿದ ಮೇಲೂ ಅದಕ್ಕೆ ಕೊಟ್ಟಿದ್ದ ಎಲಾಸ್ಟಿಕ್ ಐಪಿ ನಿಮ್ಮ ಖಾತೆಯಲ್ಲಿ ಉಳಿದು, ಅದಕ್ಕೂ ಬಾಡಿಗೆ ಬೀಳುತ್ತದೆ. ಗೇಟ್‌ವೇ ಪೂರ್ತಿ ಅಳಿಯಲು ಕೆಲವು ನಿಮಿಷ ಹಿಡಿಯುತ್ತದೆ, ಅಲ್ಲಿಯವರೆಗೆ ಐಪಿಯನ್ನು ಬಿಡುಗಡೆ ಮಾಡಲು ಬರುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: 7:05ಕ್ಕೆ ಗೇಟ್‌ವೇಗೆ ಡಿಲೀಟ್ ಕೊಡಿ, ಅದು ಅಳಿಯುವಷ್ಟರಲ್ಲಿ ಮುಂದಿನ ಸಾಲು ಬರೆಯಿರಿ, ನಂತರ ಐಪಿ ಬಿಡಿ. ಖಾತೆಯಲ್ಲಿ ಬಜೆಟ್ ಎಚ್ಚರಿಕೆ ಹಾಕಿಟ್ಟಿದ್ದರೆ ಒಳ್ಳೆಯದು.

ಬ್ಲಾಕ್ ಮುಗಿದಾಗ ಕ್ಯಾಲೆಂಡರ್‌ನ ಹೆಸರಿನ ಕೊನೆಗೆ ನಿಜವಾಗಿ ಕೂತ ನಿಮಿಷ ಬರೆಯಿರಿ: ‘80’, ‘45’. ಭಾನುವಾರ ಕೂಡಿಸಿ. ಬಣ್ಣ ತುಂಬಿದ ಕ್ಯಾಲೆಂಡರ್ ನೋಡಿ ಎಂಟೂವರೆ ಗಂಟೆ ಓದಿದೆ ಎಂಬ ಭ್ರಮೆ ಬರುವುದುಂಟು, ಕೂಡಿಸಿದರೆ ಐದು ಇರುತ್ತದೆ.

ಮುರಿದಾಗ

ಮುರಿಯುತ್ತದೆ. ಆಗ ಪಾಲಿಸಬೇಕಾದ್ದು ಇಷ್ಟೇ: ಬ್ಲಾಕನ್ನು ಅಳಿಸಬೇಡಿ, ಸರಿಸಿ. ಸರಿಸುವುದು ಭಾನುವಾರದ ಮೀಸಲಿಗೆ ಮಾತ್ರ, ಮತ್ತು ಸರಿಸಿದ ನಂತರವೇ ಆ ಕಾಲ್ ಒಪ್ಪಿಕೊಳ್ಳಿ. ಒಪ್ಪಿಕೊಂಡ ಮೇಲೆ ‘ನೋಡೋಣ’ ಎಂದು ಬಿಟ್ಟದ್ದು ಮತ್ತೆ ಸಿಗುವುದಿಲ್ಲ. ಎಳೆದು ಸರಿಸುವಾಗ ಗೂಗಲ್ ಕೇಳುವ ಪ್ರಶ್ನೆಗೆ `This event` ಎಂದೇ ಕೊಡಿ. ಅವಸರದಲ್ಲಿ `All events` ಒತ್ತಿದರೆ ಎಲ್ಲ ಬುಧವಾರಗಳ ಓದೂ ಭಾನುವಾರಕ್ಕೆ ಹೋಗಿ ಕೂರುತ್ತದೆ, ಅದು ಗೊತ್ತಾಗುವುದು ಮುಂದಿನ ಬುಧವಾರ.

ಅಕ್ಟೋಬರ್‌ನ ಒಂದು ಕೆಟ್ಟ ವಾರ ಹೀಗಿರುತ್ತದೆ ಎನ್ನಿ. ಸೋಮವಾರ ಓದು ನಡೆಯಿತು. ಮಂಗಳವಾರ ಸಂಜೆ ರಿಲೀಸ್ ಮುಂದೂಡಿ, ರಾತ್ರಿ 1ರವರೆಗೆ ಕೂರಬೇಕೆಂದು ತಿಳಿಯಿತು. ಆಗಲೇ ಬುಧವಾರದ ಬ್ಲಾಕನ್ನು ಭಾನುವಾರ 4ರಿಂದ 5:30ಕ್ಕೆ ಎಳೆದು, ಬುಧವಾರದ ಅಲಾರಂ ತೆಗೆದು ಮಲಗಿ. ಮೂರೂವರೆ ಗಂಟೆ ನಿದ್ದೆಯಲ್ಲಿ ಎದ್ದು ಓದಿದರೆ ಆ ದಿನವೂ ಹಾಳು, ಓದಿದ್ದೂ ಉಳಿಯದು. ಗುರುವಾರ ರಾತ್ರಿ ಮಗಳಿಗೆ ಜ್ವರ ಬಂತು, ಶುಕ್ರವಾರದ ಬೆಳಗ್ಗೆಯೂ ಹೋಯಿತು. ಮೀಸಲಿನಲ್ಲಿ ಈಗ ಅರ್ಧ ಗಂಟೆ ಉಳಿದಿದೆ. ಶುಕ್ರವಾರದ ಬ್ಲಾಕನ್ನು 5:30ರಿಂದ 6ಕ್ಕೆ ಕತ್ತರಿಸಿ ಹಾಕಿ, ಅದರಲ್ಲಿ ಪ್ರಶ್ನೆಗಳನ್ನಷ್ಟೇ ಬಿಡಿಸಿ. ಕಟ್ಟುವ ಕೆಲಸ ಮುಂದಿನ ಸೋಮವಾರದ ಬ್ಲಾಕಿಗೆ ಹೋಗಲಿ, ನಂತರದ ವಿಷಯಗಳೆಲ್ಲ ಒಂದೊಂದು ಸ್ಥಾನ ಹಿಂದೆ ಸರಿಯಲಿ. ಸೋಮವಾರ ಎರಡು ಬ್ಲಾಕ್ ತುರುಕಬೇಡಿ.

ಈಗ ಕೂಡಿಸಿ. ಸೋಮವಾರ ಒಂದೂವರೆ, ಮಧ್ಯಾಹ್ನಗಳದ್ದು ಒಂದು, ಶನಿವಾರ ಮೂರು, ಭಾನುವಾರ ಎರಡು: ಏಳೂವರೆ ಗಂಟೆ. ಎರಡು ಬೆಳಗ್ಗೆ ಹೋದ ವಾರದಲ್ಲೂ ಏಳರ ಗುರಿ ದಾಟಿದೆ. ಮೀಸಲು ಬ್ಲಾಕನ್ನು ಮೊದಲೇ ತುಂಬಬೇಡಿ ಎಂದದ್ದು ಇದಕ್ಕೇ. ಮಗಳಿಗೆ ಸಲ್ಲಬೇಕಿದ್ದ ಭಾನುವಾರ ಸಂಜೆ ಆ ವಾರ ಹೋಯಿತು, ನಿಜ. ಮೀಸಲು ಮೂರು ವಾರ ಸಾಲಾಗಿ ಪೂರ್ತಿ ಖರ್ಚಾದರೆ ಮೂರು ಬೆಳಗ್ಗೆಗಳಲ್ಲಿ ಒಂದು ನಿಮ್ಮ ಮನೆಗೆ ಒಗ್ಗುತ್ತಿಲ್ಲ ಎಂದರ್ಥ. ಹೆಚ್ಚು ಸಲ ಮುರಿದದ್ದನ್ನು ತೆಗೆದು, ಗುರಿಯನ್ನು ಐದೂವರೆ ಗಂಟೆಗೆ ಇಳಿಸಿ, ಪರೀಕ್ಷೆಯ ದಿನಾಂಕವನ್ನು ಅದಕ್ಕೆ ತಕ್ಕಂತೆ ಸರಿಸಿ.

ಮಾಕ್ ಟೆಸ್ಟ್ ವಾರಗಳು ಮತ್ತು ದಿನಾಂಕ

ಕೊನೆಯ ಮೂರು ವಾರದಲ್ಲಿ ಶನಿವಾರದ ಬ್ಲಾಕ್ ಪೂರ್ಣ ಮಾಕ್ ಟೆಸ್ಟ್‌ಗೆ. ಇಲ್ಲಿ ತುಂಬ ಜನ ತಿಳಿಯದ ಒಂದು ಸೌಲಭ್ಯವಿದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್‌ನಲ್ಲಿ ಪರೀಕ್ಷೆ ಬರೆಯುವಾಗ 30 ನಿಮಿಷ ಹೆಚ್ಚುವರಿ ಪಡೆಯಬಹುದು. ಎಡಬ್ಲ್ಯುಎಸ್ ಸರ್ಟಿಫಿಕೇಶನ್ ಖಾತೆಯ ಅಕಾಮೊಡೇಶನ್ ವಿಭಾಗದಲ್ಲಿ `ESL +30 MINUTES` ಎಂಬುದನ್ನು ಪರೀಕ್ಷೆ ಬುಕ್ ಮಾಡುವ ಮೊದಲೇ ಕೇಳಬೇಕು. ಬುಕ್ ಮಾಡಿದ ಮೇಲೆ ಕೇಳಿದರೆ ಆ ಬುಕಿಂಗ್‌ಗೆ ಅನ್ವಯಿಸುವುದಿಲ್ಲ. ಮೊದಲೇ ಕೇಳಿ ಪಡೆದರೆ ಒಟ್ಟು 160 ನಿಮಿಷ. ಶನಿವಾರದ ಮೂರು ಗಂಟೆಯಲ್ಲಿ ಅಷ್ಟೂ ಹಿಡಿದು, ಎದ್ದು ಓಡಾಡಲು 20 ನಿಮಿಷ ಉಳಿಯುತ್ತದೆ.

ಟೆಸ್ಟ್‌ಗೆ ಬ್ಲಾಕ್ ಇಟ್ಟು ತಪ್ಪು ನೋಡಲು ಇಡದಿರುವುದು ಸಾಮಾನ್ಯ. 65ರಲ್ಲಿ 22 ಪ್ರಶ್ನೆ ತಪ್ಪಾಗಿವೆ ಅಥವಾ ಊಹೆಯಿಂದ ಸರಿಯಾಗಿವೆ ಎಂದುಕೊಳ್ಳಿ. ಪ್ರತಿಯೊಂದಕ್ಕೆ, ನಾಲ್ಕೂ ಉತ್ತರ ಏಕೆ ಸರಿ ಅಥವಾ ತಪ್ಪು ಎಂದು ನೋಡಲು ಆರು ನಿಮಿಷವಾದರೂ ಬೇಕು. ಅಲ್ಲಿಗೆ 132 ನಿಮಿಷ, ಸೋಮವಾರದ ಪೂರ್ತಿ ಬ್ಲಾಕ್ ಮತ್ತು ಬುಧವಾರದ ಅರ್ಧ. ಆ ಎರಡು ಬೆಳಗ್ಗೆಗೆ ಈಗಲೇ ‘ಶನಿವಾರದ ತಪ್ಪುಗಳು’ ಎಂದು ಹೆಸರಿಡಿ. ಇಲ್ಲದಿದ್ದರೆ ಮೂರು ಟೆಸ್ಟ್ ಬರೆದು ಮೂರು ಸಲ ಅದೇ ತಪ್ಪು ಮಾಡುತ್ತೀರಿ.

ಪರೀಕ್ಷೆಯನ್ನು ನವೆಂಬರ್ ಕೊನೆಯ ಶನಿವಾರಕ್ಕೆ, ಬೆಳಗಿನ ಸ್ಲಾಟ್‌ಗೆ ಬುಕ್ ಮಾಡಿ. ಆ ವೇಳೆಗೆ ಮೂರು ಶನಿವಾರ ಅದೇ ಹೊತ್ತಿನಲ್ಲಿ ಕೂತ ಅಭ್ಯಾಸವಿರುತ್ತದೆ. ನಿಗದಿತ ಸಮಯಕ್ಕೆ 24 ಗಂಟೆ ಮೊದಲಿನವರೆಗೆ ದಿನಾಂಕ ಬದಲಿಸಬಹುದು, ಅದೂ ಎರಡು ಸಲ ಮಾತ್ರ. ಆ ನಿರ್ಧಾರವನ್ನು ಕೊನೆಯ ರಾತ್ರಿಗೆ ಬಿಡದೆ, ಎಂಟನೇ ವಾರದ ಭಾನುವಾರಕ್ಕೆ ಕಾಲು ಗಂಟೆಯ ಬ್ಲಾಕ್ ಹಾಕಿ. ಅಂದು ಬರೆದಿಟ್ಟ ನಿಮಿಷಗಳನ್ನೆಲ್ಲ ಕೂಡಿಸಿ. ಓದಿದ್ದು 40 ಗಂಟೆ ದಾಟಿದ್ದರೆ ದಿನಾಂಕ ಹಾಗೇ ಇರಲಿ. 40ಕ್ಕಿಂತ ಕಡಿಮೆಯಿದ್ದರೆ ಎರಡು ವಾರ ಮುಂದೂಡಿ. ಪಾಸಾಗಲು 1000ಕ್ಕೆ 720 ಬೇಕು, ಫೇಲಾದರೆ 14 ದಿನ ಕಾದು ಪೂರ್ತಿ ಶುಲ್ಕ ಮತ್ತೆ ಕಟ್ಟಬೇಕು. ಅದಕ್ಕಿಂತ ಮುಂದೂಡುವುದು ಅಗ್ಗ.

ಮನೆಯಿಂದಲೇ ಆನ್‌ಲೈನ್‌ನಲ್ಲಿ ಬರೆಯುವ ಅವಕಾಶವಿದೆ, ಆದರೆ ನಿಮ್ಮ ಮನೆಗೆ ಅದು ಬೇಡ. ಪರೀಕ್ಷೆಯ ನಡುವೆ ಕೋಣೆಗೆ ಯಾರೇ ಬಂದರೂ ಪರೀಕ್ಷೆ ರದ್ದಾಗಬಹುದು, ಐದು ವರ್ಷದವಳಿಗೆ ಬಾಗಿಲು ಮುಚ್ಚಿದ್ದೇ ಒಂದು ಕುತೂಹಲ. ಪರೀಕ್ಷಾ ಕೇಂದ್ರವನ್ನೇ ಆರಿಸಿ, ಹೋಗುವ ಹೊತ್ತನ್ನೂ ಅರ್ಧ ಗಂಟೆ ಮುಂಚೆ ತಲುಪುವುದನ್ನೂ ಸೇರಿಸಿ ಕ್ಯಾಲೆಂಡರ್‌ನಲ್ಲಿ ಒಂದೇ ಬ್ಲಾಕ್ ಮಾಡಿ. ಗಂಡನ ಕ್ಯಾಲೆಂಡರ್‌ಗೂ ಅದರ ಇನ್ವೈಟ್ ಇವತ್ತೇ ಹೋಗಲಿ.